ಫಾರಿನ್ ಟೂರ್‌ಗೆ ಕಟ್ಟಿದ ಟಿಸಿಎಸ್ ವಾಪಸ್ ಪಡೆಯುವುದು ಹೇಗೆ?

ಕೈಗಾದಲ್ಲಿ ಕೆಲಸ ಮಾಡುವ ಒಬ್ಬರು ಮನೆಯವರನ್ನೆಲ್ಲ ಬಾಲಿಗೆ ಕರೆದೊಯ್ಯಲು 2025ರ ನವೆಂಬರ್‌ನಲ್ಲಿ ಕಾರವಾರದ ಏಜೆಂಟರ ಬಳಿ ಪ್ಯಾಕೇಜ್ ಬುಕ್ ಮಾಡಿದರು ಎಂದಿಟ್ಟುಕೊಳ್ಳಿ. ಪ್ಯಾಕೇಜ್ 6 ಲಕ್ಷ. ಬಿಲ್ಲಿನಲ್ಲಿ ಟಿಸಿಎಸ್ ಎಂದು ಇನ್ನೂ 30,000 ರೂಪಾಯಿ. 2025-26ರಲ್ಲಿ 10 ಲಕ್ಷದವರೆಗೆ ಶೇ 5, ಅದರ ಮೇಲಿನ ಮೊತ್ತಕ್ಕೆ ಶೇ 20 ಎಂಬ ಲೆಕ್ಕ. ಇದು ಟೂರಿನ ಖರ್ಚಲ್ಲ, ನಿಮ್ಮ ಹೆಸರಲ್ಲಿ ಮುಂಗಡವಾಗಿ ಕಟ್ಟಿಸಿಕೊಂಡ ಆದಾಯ ತೆರಿಗೆ.

ಬುಕ್ ಮಾಡುವಾಗಲೇ ಬಿಲ್ ಯಾರ ಪ್ಯಾನ್‌ಗೆ ಆಗುತ್ತಿದೆ ಎಂದು ನೋಡಿಕೊಳ್ಳಿ. ಹಣ ಮಗನದು, ಬಿಲ್ ಅಮ್ಮನ ಪ್ಯಾನ್‌ಗೆ ಎಂದಾದರೆ ಕ್ರೆಡಿಟ್ ಅಮ್ಮನ ಖಾತೆಗೇ ಹೋಗುತ್ತದೆ. ಅವರಿಗೆ ತೆರಿಗೆಯೇ ಇಲ್ಲದಿದ್ದರೂ ಆ ಹಣ ಬೇಕೆಂದರೆ ಅವರೇ ರಿಟರ್ನ್ ಹಾಕಬೇಕು.

ಸಂಬಳದವರು ರಿಟರ್ನ್‌ವರೆಗೆ ಕಾಯಬೇಕಿಲ್ಲ. 2024ರ ಅಕ್ಟೋಬರ್‌ನಿಂದ 12BAA ಎಂಬ ಫಾರಂ ಬಂದಿದೆ. ಟಿಸಿಎಸ್ ವಿವರವನ್ನು ಅದರಲ್ಲಿ ತುಂಬಿ ಆಫೀಸಿನ ಅಕೌಂಟ್ಸ್ ವಿಭಾಗಕ್ಕೆ ಕೊಟ್ಟರೆ, ಉಳಿದ ತಿಂಗಳ ಸಂಬಳದಲ್ಲಿ ಅಷ್ಟು ಟಿಡಿಎಸ್ ಕಡಿಮೆ ಮಾಡುತ್ತಾರೆ. ನಮ್ಮ ಉದಾಹರಣೆಯವರ ವರ್ಷದ ತೆರಿಗೆ 1,10,000 ಎನ್ನಿ. ಆಗಲೇ 70,000 ಕಡಿತವಾಗಿದೆ. ಬಾಕಿ 40,000ದ ಬದಲು 10,000 ಮಾತ್ರ ಕಡಿತವಾಗುತ್ತದೆ.

ಹಲವರು ಎಡವುವುದು ಇಲ್ಲೇ. ಆಫೀಸಿನಲ್ಲಿ ಹೊಂದಿಸಿಯಾಯಿತಲ್ಲ ಎಂದು ರಿಟರ್ನ್‌ನಲ್ಲಿ ಟಿಸಿಎಸ್ ಬಿಟ್ಟುಬಿಡುತ್ತಾರೆ. ಆಗ ಫಾರಂ 16ರ 80,000 ಮಾತ್ರ ಲೆಕ್ಕಕ್ಕೆ ಸಿಕ್ಕಿ, 30,000 ಬಾಕಿ ಎಂದು ಕಾಣುತ್ತದೆ. 80,000 ಟಿಡಿಎಸ್, 30,000 ಟಿಸಿಎಸ್ ಎರಡನ್ನೂ ತೋರಿಸಲೇಬೇಕು.

ರಿಟರ್ನ್‌ಗೆ ಮೊದಲು incometax.gov.in ತೆರೆದು e-File, Income Tax Returns, View Form 26AS ಎಂದು ಹೋಗಿ. ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯೇ ಈ 26AS. ಏಜೆಂಟರ ಹೆಸರು, ತೆರಿಗೆ ಸಂಗ್ರಹಿಸುವವರ ಗುರುತಿನ ಸಂಖ್ಯೆಯಾದ ಅವರ ಟ್ಯಾನ್, ಮೊತ್ತ ಅಲ್ಲಿರಬೇಕು. ನವೆಂಬರ್‌ನ ಹಣಕ್ಕೆ ಅವರು ಟಿಸಿಎಸ್‌ನ ತ್ರೈಮಾಸಿಕ ವರದಿಯಾದ 27EQ ಸಲ್ಲಿಸಲು ಜನವರಿ 15 ಕೊನೆಯ ದಿನ. ಹಾಗಾಗಿ ಡಿಸೆಂಬರ್‌ನಲ್ಲಿ ಕಾಣದಿದ್ದರೆ ಗಾಬರಿ ಬೇಡ. ಫೆಬ್ರುವರಿಯಲ್ಲೂ ಇಲ್ಲವೆಂದರೆ ವರದಿ ಹೋಗಿಲ್ಲ, ಇಲ್ಲವೇ ಪ್ಯಾನ್ ತಪ್ಪಾಗಿದೆ. ಅದನ್ನು ನೀವು ಸರಿಮಾಡಲು ಆಗುವುದಿಲ್ಲ, ಏಜೆಂಟರೇ ತಿದ್ದುಪಡಿ ವರದಿ ಹಾಕಬೇಕು. ಟಿಸಿಎಸ್ ಪ್ರಮಾಣಪತ್ರವಾದ ಫಾರಂ 27D ಅನ್ನೂ ಕೇಳಿ ಪಡೆಯಿರಿ. ಬರೀ ಬಿಲ್ ತೋರಿಸಿ ಕ್ಲೇಮ್ ಮಾಡಿದರೆ 26AS ಜತೆ ತಾಳೆಯಾಗದೆ ನಿಂತುಹೋಗುತ್ತದೆ.

ರಿಟರ್ನ್‌ನ Tax Paid ವಿಭಾಗದಲ್ಲಿ ಟಿಸಿಎಸ್ ಸಾಮಾನ್ಯವಾಗಿ ತಾನೇ ತುಂಬಿಕೊಂಡಿರುತ್ತದೆ. ಆದರೂ 26AS ಪಕ್ಕಕ್ಕಿಟ್ಟು ಒಮ್ಮೆ ಹೋಲಿಸಿ. ತೆರಿಗೆಗಿಂತ ಜಾಸ್ತಿ ಕಟ್ಟಿದ್ದರೆ ಉಳಿದದ್ದು ರಿಫಂಡ್. ಅದಕ್ಕೆ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು. ಅಂದಹಾಗೆ, ಮೇ ತಿಂಗಳ ಪ್ರವಾಸಕ್ಕೆ ಮಾರ್ಚ್‌ನಲ್ಲೇ ಟಿಸಿಎಸ್ ಕಟ್ಟಿದ್ದರೆ ಕ್ರೆಡಿಟ್ ಮಾರ್ಚ್‌ಗೆ ಮುಗಿದ ವರ್ಷಕ್ಕೆ ಸೇರುತ್ತದೆ, ವಿಮಾನ ಹತ್ತಿದ ವರ್ಷಕ್ಕಲ್ಲ.