ಕ್ರಿಯಾಟಿನ್ ತೋಳು: ನೀರೆಷ್ಟು, ನಾರೆಷ್ಟು ಎಂದು ನಾನು ಅಳೆಯುವ ಬಗೆ

ಜಿಮ್ಮಿನವರು ಸ್ನಾಯು ಬೆಳೆಸಲು ತೆಗೆದುಕೊಳ್ಳುವ ಕ್ರಿಯಾಟಿನ್ ಪುಡಿ ಶುರು ಮಾಡಿದ ಮೊದಲ ವಾರದಲ್ಲೇ ತೂಕ ಮುಕ್ಕಾಲು ಕೆ.ಜಿ. ಏರುತ್ತದೆ. ಕನ್ನಡಿಯಲ್ಲಿ ಭುಜ ತುಂಬಿದಂತೆ ಕಾಣುತ್ತದೆ. ಒಬ್ಬ "ಬರೀ ನೀರು ಬಿಡಿ" ಅನ್ನುತ್ತಾನೆ, ಇನ್ನೊಬ್ಬ "ಇಲ್ಲ, ಪಕ್ಕಾ ಸ್ನಾಯು" ಅನ್ನುತ್ತಾನೆ. ಇಬ್ಬರ ಮಾತೂ ನಿಜವೇ, ಆದರೆ ಬೇರೆ ಬೇರೆ ತಿಂಗಳಿಗೆ. ನನ್ನ ಲೆಕ್ಕದ ಪುಸ್ತಕದಲ್ಲಿ ಇವೆರಡನ್ನೂ ಬೇರೆ ಮಾಡುವುದಕ್ಕೆ ಒಂದೇ ಉಪಾಯ ಇದೆ: ನೀರು ಒಳಬರುವ ವಾರವನ್ನು ಪ್ರತ್ಯೇಕವಾಗಿ ಅಳೆದು, ಅದು ಮುಗಿದ ಮೇಲೆ ಹೊಸದಾಗಿ ಸೊನ್ನೆಯಿಂದ ಎಣಿಸುವುದು.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಗಟ್ಟಿ ಸ್ನಾಯುವಿನಲ್ಲೂ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು ನೀರೇ. ಒಂದು ಕೆ.ಜಿ. ಹೊಸ ಸ್ನಾಯು ಬೆಳೆದರೆ ಅದರಲ್ಲಿ ಪ್ರೋಟೀನು 200 ಗ್ರಾಂ ಆಸುಪಾಸು, ಉಳಿದದ್ದರಲ್ಲಿ ಹೆಚ್ಚಿನದು ನೀರು. ಆದ್ದರಿಂದ "ನೀರು ಬಂತೋ, ಸ್ನಾಯು ಬಂತೋ" ಎಂಬ ಪ್ರಶ್ನೆಯೇ ಸ್ವಲ್ಪ ಓರೆ. ಕೇಳಬೇಕಾದದ್ದು, ಬಂದ ನೀರಿನ ಜೊತೆ ಪ್ರೋಟೀನೂ ಬಂತೋ, ಇಲ್ಲ ನೀರು ಒಂಟಿಯಾಗಿ ಬಂತೋ ಎಂದು. ಜಿಮ್ಮಿನಲ್ಲಿ ಕಾಲಿಟ್ಟು ನಿಂತು ಹಿಡಿ ಹಿಡಿಯುವ ಬಾಡಿ ಕಾಂಪೊಸಿಷನ್ ಮೆಷಿನ್ ಇವೆರಡರ ವ್ಯತ್ಯಾಸ ಹೇಳಲಾರದು. ಅದು ಮೈಯಲ್ಲಿ ಕರೆಂಟ್ ಹರಿಸಿ ನೀರನ್ನು ಅಂದಾಜು ಮಾಡಿ, ಅದನ್ನೇ ಸ್ನಾಯು ಎಂದು ಪ್ರಿಂಟ್ ಹಾಕಿ ಕೊಡುತ್ತದೆ. ಎಕ್ಸ್-ರೇಯಿಂದ ಮೈ ಅಳೆಯುವ ಡೆಕ್ಸಾ ಸ್ಕ್ಯಾನ್ ದುಬಾರಿ, ಆದರೂ ಈ ಒಂದು ವಿಷಯದಲ್ಲಿ ಅದೂ ಅಷ್ಟೇ: ಸ್ನಾಯುವಿಗೆ ಬಂದ ನೀರೆಲ್ಲ ಅದಕ್ಕೆ ಲೀನ್ ಮಾಸ್, ಅಂದರೆ ಕೊಬ್ಬಲ್ಲದ ತೂಕ.

ಹಾಗಾದರೆ ಒಂಟಿ ನೀರು ಎಷ್ಟು ಬರಬಹುದು? ಇದನ್ನು ಕಾಗದದ ಮೇಲೆ ಹಾಕಿ ನೋಡಬಹುದು. 70 ಕೆ.ಜಿ. ತೂಗುವ ಒಬ್ಬ ಹುಡುಗ, ಮೈಯಲ್ಲಿ ಸುಮಾರು 28 ಕೆ.ಜಿ. ಸ್ನಾಯು ಅಂದುಕೊಳ್ಳಿ. ನೀರು ತೆಗೆದರೆ ಒಣ ಸ್ನಾಯು 6.4 ಕೆ.ಜಿ. ಉಳಿಯುತ್ತದೆ. ಸಾಮಾನ್ಯವಾಗಿ ಒಣ ಸ್ನಾಯುವಿನ ಪ್ರತಿ ಕೆ.ಜಿ.ಗೆ 120 ಮಿಲಿಮೋಲಿನಷ್ಟು ಕ್ರಿಯಾಟಿನ್ ಇರುತ್ತದೆ. ಪೂರಕ ತೆಗೆದುಕೊಂಡರೆ ಅದು ಶೇ. 20ರಷ್ಟು, ಅಂದರೆ 25 ಮಿಲಿಮೋಲಿನಷ್ಟು ಏರುತ್ತದೆ. 6.4 ಕೆ.ಜಿ.ಗೆ ಒಟ್ಟು 160 ಮಿಲಿಮೋಲ್. ಪುಡಿಯ ಲೆಕ್ಕದಲ್ಲಿ ಇದು ಇಪ್ಪತ್ತೈದು ಗ್ರಾಂ ಕೂಡ ಆಗುವುದಿಲ್ಲ. ಆದರೆ ಜೀವಕೋಶದೊಳಗೆ ಕರಗಿದ ಕಣ ಹೆಚ್ಚಾದರೆ ಅದನ್ನು ಸರಿದೂಗಿಸಲು ನೀರು ಒಳಗೆ ಬರಲೇಬೇಕು. ಮೈಯ ದ್ರವದಲ್ಲಿ ಲೀಟರಿಗೆ 290 ಮಿಲಿಮೋಲಿನಷ್ಟು ಕಣಗಳಿರುತ್ತವೆ. 160ನ್ನು 290ರಿಂದ ಭಾಗಿಸಿದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಒಳಗೆ ಹೋದ ಕ್ರಿಯಾಟಿನ್‌ನಲ್ಲಿ ಒಂದಷ್ಟು ಫಾಸ್ಫೇಟ್ ಕಟ್ಟಿಕೊಂಡು ಪೊಟ್ಯಾಸಿಯಮ್ಮನ್ನೂ ಜೊತೆಗೆ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ನಾನು ಇದನ್ನು ಅರ್ಧದಿಂದ 0.8 ಲೀಟರ್ ಎಂದು ಹಿಡಿಯುತ್ತೇನೆ.

ಅದಕ್ಕಿಂತ ಹೆಚ್ಚು ತೂಕ ಮೊದಲ ವಾರದಲ್ಲಿ ಏರಿದರೆ ಬೇರೆ ಕಾರಣ ಹುಡುಕುತ್ತೇನೆ. ಬಹಳ ಸಲ ಸಿಗುವುದು ಸಕ್ಕರೆ. ಪುಡಿಯನ್ನು ಜ್ಯೂಸಿನಲ್ಲಿ ಕಲಸಿ ದಿನಕ್ಕೆ ನಾಲ್ಕು ಲೋಟ ಕುಡಿದರೆ ಸ್ನಾಯುವಿನಲ್ಲಿ ಗ್ಲೈಕೊಜೆನ್ ತುಂಬುತ್ತದೆ, ಒಂದು ಗ್ರಾಂ ಗ್ಲೈಕೊಜೆನ್ ಮೂರು ಗ್ರಾಂ ನೀರು ಎಳೆಯುತ್ತದೆ. ಆಮೇಲೆ ಎಲ್ಲ ಸೇರಿಸಿ "ಕ್ರಿಯಾಟಿನ್ ನನಗೆ ಎರಡು ಕೆ.ಜಿ. ಕೊಟ್ಟಿತು" ಎಂಬ ಮಾತು ಬರುತ್ತದೆ. ಅದರ ಜೊತೆ ವಾರಾಂತ್ಯದಲ್ಲಿ ಮದುವೆ ಊಟ, ಉಪ್ಪಿನಕಾಯಿ, ಹಪ್ಪಳ ಸೇರಿದರಂತೂ ತಕ್ಕಡಿಯನ್ನು ನಂಬಲೇಬೇಡಿ.

ಈಗ ಇದೇ ನೀರು ಟೇಪಿನಲ್ಲಿ ಎಷ್ಟು ಕಾಣುತ್ತದೆ ಎಂಬುದು ಮಜಾ ಇರುವ ಭಾಗ. ಆ ಹುಡುಗನ ತೋಳಿನ ಸುತ್ತಳತೆ 34 ಸೆಂ.ಮೀ. ಅಡ್ಡ ಕೊಯ್ದಂತೆ ಕಲ್ಪಿಸಿಕೊಂಡರೆ ಒಟ್ಟು 92 ಚದರ ಸೆಂ.ಮೀ. ಚರ್ಮ, ಅದರಡಿಯ ಕೊಬ್ಬು ಮತ್ತು ಮೂಳೆ ಕಳೆದರೆ ಸ್ನಾಯು 60ರಷ್ಟು. ನೀರಿನಿಂದ ಸ್ನಾಯು ಶೇ. 2ರಿಂದ 3ರಷ್ಟು ಉಬ್ಬಿದರೆ 1ರಿಂದ 2 ಚದರ ಸೆಂ.ಮೀ. ಹೆಚ್ಚುತ್ತದೆ. ಸುತ್ತಳತೆಯಲ್ಲಿ ಅದು ಕೇವಲ 2-3 ಮಿ.ಮೀ. ಟೇಪನ್ನು ಸ್ವಲ್ಪ ಸಡಿಲ ಬಿಟ್ಟರೆ ಆಗುವ ತಪ್ಪು ಅದಕ್ಕಿಂತ ದೊಡ್ಡದು! ಹಾಗಾಗಿ ಮೊದಲ ವಾರವೇ ತೋಳು ಒಂದು ಸೆಂ.ಮೀ. ಬೆಳೆಯಿತು ಎನ್ನುವವರು ಅಳೆದದ್ದು ಬೇರೇನನ್ನೋ. ಹೆಚ್ಚಾಗಿ ವರ್ಕೌಟ್ ಮುಗಿಸಿ ಪಂಪ್ ಇರುವಾಗ ಅಳೆದಿರುತ್ತಾರೆ.

ಈ ಲೆಕ್ಕ ಕೈಲಿಟ್ಟುಕೊಂಡು ನಾನು ಮಾಡುವುದು ಹೀಗೆ.

ಶುರುವಿಗೆ ಮುಂಚೆ ಎರಡು ವಾರ ಏನೂ ಬದಲಿಸದೆ ಬೆಳಗ್ಗೆ ಎದ್ದು, ಟಾಯ್ಲೆಟ್‌ಗೆ ಹೋಗಿ ಬಂದು, ನೀರು ಕುಡಿಯುವ ಮುಂಚೆ ತೂಕ ನೋಡಿಸುತ್ತೇನೆ. ಒಂದು ದಿನದ ಅಂಕಿಗೆ ಬೆಲೆ ಇಲ್ಲ, ಏಳು ದಿನದ ಸರಾಸರಿಗೆ ಮಾತ್ರ. ತೋಳಿಗೆ ಭುಜದ ತುದಿ ಮೂಳೆ ಮತ್ತು ಮೊಣಕೈ ನಡುವಿನ ಸರಿ ಮಧ್ಯದಲ್ಲಿ ಪೆನ್ನಿನ ಗುರುತು ಹಾಕಿ, ಕೈ ಇಳಿಬಿಟ್ಟು, ತೋಳಿನ ವರ್ಕೌಟ್ ಆಗಿ ಕನಿಷ್ಠ 48 ಗಂಟೆ ಬಿಟ್ಟು ಅಳೆಯುತ್ತೇನೆ. ಮೂರು ಸಲ ಅಳೆದು ನಡುವಿನ ಅಂಕಿ ಬರೆದಿಡುತ್ತೇನೆ. ಅದೇ ಗುರುತಿನ ಮಟ್ಟದಲ್ಲಿ ತೋಳಿನ ಹಿಂಬದಿಯ ಚರ್ಮದ ಮಡಿಕೆಯನ್ನು ಕ್ಯಾಲಿಪರ್‌ನಿಂದ ಹಿಡಿದು ನೋಡುತ್ತೇನೆ. ಇದನ್ನು ಬಿಟ್ಟರೆ ಕೊಬ್ಬು ಬೆಳೆದದ್ದೂ ನಾರಿನ, ಅಂದರೆ ನಿಜವಾದ ಸ್ನಾಯುವಿನ ಎಳೆಗಳ, ಲೆಕ್ಕಕ್ಕೆ ಬಂದುಬಿಡುತ್ತದೆ. ಹೆಂಗಸರಲ್ಲಿ ಮುಟ್ಟಿನ ದಿನಗಳಿಗೆ ತಕ್ಕಂತೆ ಮೈಯ ನೀರು ಏರಿಳಿಯುತ್ತದೆ, ಆದ್ದರಿಂದ ಅವರ ಅಂಕಿಯನ್ನು ಹಿಂದಿನ ವಾರಕ್ಕಲ್ಲ, ಹಿಂದಿನ ತಿಂಗಳ ಅದೇ ದಿನಗಳಿಗೆ ಹೋಲಿಸಬೇಕು.

ಆಮೇಲೆ ಲೋಡಿಂಗ್, ಅಂದರೆ ಮೊದಲ ವಾರ ದಿನಕ್ಕೆ 20 ಗ್ರಾಂನಂತೆ ಸ್ನಾಯುವಿಗೆ ಬೇಗ ತುಂಬಿಸುವುದು. ದಿನವೂ ಸುಮ್ಮನೆ ತೆಗೆದುಕೊಳ್ಳುವವರಿಗೆ ನಾನು ಲೋಡಿಂಗ್ ಹೇಳುವುದಿಲ್ಲ, ಹೊಟ್ಟೆ ಕೆಡುವುದೇ ಹೆಚ್ಚು. 1996ರಲ್ಲಿ ಹುಲ್ಟ್‌ಮನ್ ಮತ್ತು ಸಂಗಡಿಗರು ತೋರಿಸಿದಂತೆ ದಿನಕ್ಕೆ 20 ಗ್ರಾಂ ಆರು ದಿನ ತೆಗೆದುಕೊಂಡರೂ, 3 ಗ್ರಾಂ 28 ದಿನ ತೆಗೆದುಕೊಂಡರೂ ಸ್ನಾಯು ತುಂಬುವುದು ಹೆಚ್ಚುಕಡಿಮೆ ಅಷ್ಟೇ. ಆದರೆ ಅಳತೆಗೆ ಮಾತ್ರ ಲೋಡಿಂಗೇ ಬೇಕು. ನಿಧಾನವಾಗಿ ತುಂಬಿದರೆ ಆ ನಾಲ್ಕು ವಾರದಲ್ಲಿ ನಾರೂ ಒಂದಷ್ಟು ಬೆಳೆದು, ಎರಡೂ ಕಲಸಿಹೋಗುತ್ತವೆ. ಆರೇಳು ದಿನದಲ್ಲಿ ನಾರು ಅಳತೆಗೆ ಸಿಗುವಷ್ಟು ಬೆಳೆಯುವುದಿಲ್ಲ, ಹಾಗಾಗಿ ಆ ವಾರ ಏರಿದ್ದೆಲ್ಲ ನೀರು ಎಂದು ಧೈರ್ಯವಾಗಿ ಬರೆಯಬಹುದು. 5 ಗ್ರಾಂ ಪುಡಿ ನಾಲ್ಕು ಸಲ, ಊಟದ ಜೊತೆ, ನೀರಿನಲ್ಲಿ. ಸ್ಕೂಪನ್ನು ನಂಬದೆ ಸಣ್ಣ ತಕ್ಕಡಿಯಲ್ಲಿ ತೂಗಿ. ಆ ವಾರ ಸೆಟ್ ಹೆಚ್ಚಿಸಬಾರದು, ಊಟ ಹೆಚ್ಚಿಸಬಾರದು, ಹೊಸ ಎಕ್ಸರ್‌ಸೈಜ್ ಸೇರಿಸಬಾರದು. ಹೊಸ ಎಕ್ಸರ್‌ಸೈಜಿನ ನೋವಿನ ಜೊತೆ ಬಾವು ಬರುತ್ತದೆ, ಅದೂ ನೀರೇ, ಆದರೆ ಕ್ರಿಯಾಟಿನ್‌ದಲ್ಲ.

ಎಂಟನೇ ದಿನ ಮತ್ತೆ ಅಳತೆ. ಸರಾಸರಿ ತೂಕ 70.2ರಿಂದ 70.9ಕ್ಕೆ ಬಂದಿದ್ದರೆ, ಆ 0.7 ಕೆ.ಜಿ. ನೀರಿನ ಖಾತೆಗೆ. ಇನ್ನು ಮುಂದೆ 70.9 ಹೊಸ ಸೊನ್ನೆ. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಏನೂ ಏರದಿದ್ದರೆ ಪುಡಿ ಕಳಪೆ ಎಂದುಕೊಳ್ಳುವ ಮುಂಚೆ ಅವನ ತಟ್ಟೆ ನೋಡಿ. ದಿನವೂ ಮಾಂಸ, ಮೀನು ತಿನ್ನುವವನ ಸ್ನಾಯು ಮೊದಲೇ ತುಂಬಿರಬಹುದು. ಮುದ್ದೆ, ಸಾರು, ಮೊಸರಿನಲ್ಲೇ ಬೆಳೆದ ಸಸ್ಯಾಹಾರಿಯ ಸ್ನಾಯುವಿನಲ್ಲಿ ಕ್ರಿಯಾಟಿನ್ ಕಡಿಮೆ ಇರುವುದರಿಂದ ಅವನಲ್ಲಿ ಜಾಗವೂ ಹೆಚ್ಚು, ಏರಿಕೆಯೂ ಹೆಚ್ಚು.

ಅಲ್ಲಿಂದ 12 ವಾರ ಶಿಸ್ತಿನ ಟ್ರೇನಿಂಗ್. ಕೊನೆಗೆ ತೋಳು 35 ಸೆಂ.ಮೀ., ಚರ್ಮದ ಮಡಿಕೆ ಹಾಗೇ ಇದೆ ಎನ್ನಿ. 35ರ ಸುತ್ತಳತೆಗೆ ವಿಸ್ತೀರ್ಣ 97.5. ಶುರುವಿನ 92ಕ್ಕೆ ಹೋಲಿಸಿದರೆ 5.5 ಚದರ ಸೆಂ.ಮೀ. ಜಾಸ್ತಿ. ಅದರಲ್ಲಿ 1.5ರಷ್ಟು ಮೊದಲ ವಾರವೇ ಬಂದ ನೀರು, ಉಳಿದ 4 ನಾರು. ಅಂದರೆ ನೀರಿನ ಪಾಲು ಹತ್ತಿರ ಹತ್ತಿರ ಕಾಲು ಭಾಗ. ಮುಂದೆ ಅದೇ ತೋಳು 36.5ಕ್ಕೆ ಹೋದರೆ ಒಟ್ಟು ಹೆಚ್ಚಳ 14, ನೀರು ಆಗಲೂ 1.5ರ ಸುತ್ತಲೇ, ಅಂದರೆ ಹತ್ತರಲ್ಲಿ ಒಂದು. ಹೊಸ ನಾರೂ ತನ್ನ ಪಾಲಿನ ಕ್ರಿಯಾಟಿನ್ ನೀರು ಹಿಡಿಯುತ್ತದೆ ನಿಜ, ಆದರೆ ಈ ಲೆಕ್ಕದಲ್ಲಿ ಅದು ಕಾಳಿನ ಮೇಲಿನ ಧೂಳು. ಮೊದಲ ವಾರ ನೂರಕ್ಕೆ ನೂರು ನೀರು, ಮೂರು ತಿಂಗಳಿಗೆ ಕಾಲು, ಆಮೇಲೆ ಕರಗುತ್ತಾ ಹೋಗುವ ಪಾಲು.

ಆದರೆ ಆ 4 ಚದರ ಸೆಂ.ಮೀ. ನಾರೆಲ್ಲ ಕ್ರಿಯಾಟಿನ್ ಕೊಟ್ಟದ್ದೇ? ಅಲ್ಲ. ಬಹುಪಾಲು ಟ್ರೇನಿಂಗ್‌ನದು, ಪುಡಿ ಇಲ್ಲದಿದ್ದರೂ ಬರುತ್ತಿತ್ತು. ಕ್ರಿಯಾಟಿನ್ ಕೆಲಸ ಮಾಡುವುದು ಒಂದು ಸುತ್ತು ಬಳಸಿ: ಕೊನೆಯ ಸೆಟ್ಟಿನಲ್ಲಿ ಒಂದೆರಡು ರೆಪ್ ಹೆಚ್ಚು ಎಳೆಯಲು ಬಿಡುತ್ತದೆ, ಆ ಹೆಚ್ಚಿನ ಕೆಲಸ ತಿಂಗಳುಗಟ್ಟಲೆ ಸೇರಿ ನಾರಾಗುತ್ತದೆ. 1999ರಲ್ಲಿ ವೋಲೆಕ್ ಮತ್ತು ಸಂಗಡಿಗರು 12 ವಾರದ ನಂತರ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದಾಗ, ವೇಗವಾಗಿ ಸಂಕುಚಿಸುವ 2ಎ ಬಗೆಯ ನಾರುಗಳು ಕ್ರಿಯಾಟಿನ್ ಗುಂಪಿನಲ್ಲಿ ಶೇ. 36, ಉಳಿದವರಲ್ಲಿ ಶೇ. 15 ದಪ್ಪವಾಗಿದ್ದವು. ಶೇ. 2-3ರ ನೀರಿನಿಂದ ಇಷ್ಟು ಅಂತರ ಹುಟ್ಟುವುದಿಲ್ಲ, ಅದು ನಾರೇ. ಆದರೆ ಅಲ್ಲಿದ್ದವರು 19 ಮಂದಿ ಮಾತ್ರ, ಆ ಅಂಕಿಯನ್ನು ನಾನು ಹುಷಾರಾಗಿ ಹಿಡಿಯುತ್ತೇನೆ. ಸ್ಕ್ಯಾನ್ ಮಾಡಿ ಅಳೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ವಿಶ್ಲೇಷಣೆಯಲ್ಲಿ ಸ್ನಾಯುವಿನ ದಪ್ಪದಲ್ಲಿ ಕಂಡ ಹೆಚ್ಚುವರಿ ಲಾಭ 1ರಿಂದ 1.6 ಮಿ.ಮೀ. ಅಷ್ಟೇ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಟ್ರೇನಿಂಗ್‌ಗೆ ಮುಂಚೆ ಒಂದು ವಾರ ಬರೀ ಕ್ರಿಯಾಟಿನ್ ಕೊಟ್ಟರು. ಆ ವಾರ ಅರ್ಧ ಕೆ.ಜಿ. ಲೀನ್ ಮಾಸ್ ಹೆಚ್ಚು ಕಂಡಿತು. ನಂತರದ 12 ವಾರದ ಟ್ರೇನಿಂಗ್‌ನಲ್ಲಿ ಎರಡೂ ಗುಂಪು ಸುಮಾರು 2 ಕೆ.ಜಿ.ಯಂತೆ ಸಮವಾಗಿ ಗಳಿಸಿದವು. ಮೇಲಿನ ನನ್ನ ಎರಡು ಸೊನ್ನೆಯ ಲೆಕ್ಕವೂ ಇದೇ ಜಾಡು.

ಒಬ್ಬನೇ ಮನುಷ್ಯನಲ್ಲಿ ಈ ಸಣ್ಣ ಲಾಭವನ್ನು ಟೇಪು ಹಿಡಿಯಲಾರದು. ಅದಕ್ಕೆ ನಾನು ನೋಡುವುದು ರೆಪ್ ಪುಸ್ತಕ. ಲೋಡಿಂಗ್ ಆದ ಮೇಲೆ ಅದೇ ತೂಕದಲ್ಲಿ ಕೊನೆಯ ಸೆಟ್ಟುಗಳ ರೆಪ್ ಏರದಿದ್ದರೆ, ನಾರು ಹೆಚ್ಚಾಗುವ ದಾರಿಯೇ ತೆರೆದಿಲ್ಲ. ಬಂದದ್ದು ಒಂಟಿ ನೀರು.

ಕೊನೆಯ ಪರೀಕ್ಷೆ, ನಿಲ್ಲಿಸಿ ನೋಡುವುದು. ಪುಡಿ ಬಿಟ್ಟು ಆರು ವಾರ, ಟ್ರೇನಿಂಗ್, ಊಟ ಎಲ್ಲ ಮೊದಲಿನಂತೆ. ಸ್ನಾಯು ಹಳೆಯ ಮಟ್ಟಕ್ಕೆ ಇಳಿಯಲು ನಾಲ್ಕು ವಾರವಾದರೂ ಬೇಕು, ಹತ್ತು ದಿನಕ್ಕೆ ಅಳೆದು ತೀರ್ಪು ಕೊಡಬೇಡಿ. ಬಂದ 0.7 ಕೆ.ಜಿ.ಯಷ್ಟೇ ಇಳಿದು ತೋಳು 34.7ರ ಸುತ್ತ ನಿಂತರೆ ಲೆಕ್ಕ ಕೂಡಿಬಂತು. ಒಂದೂವರೆ ಕೆ.ಜಿ. ಇಳಿದರೆ ಅದು ಕ್ರಿಯಾಟಿನ್ ಕೊಟ್ಟ ನೀರು ಮಾತ್ರ ಅಲ್ಲ. ಬೇಸಿಗೆ ಬಂತೆಂದು ಅನ್ನ ಕಡಿಮೆ ಮಾಡಿ ಡಯಟ್ ಶುರು ಮಾಡಿರುತ್ತಾರೆ, ಇಲ್ಲ ರೆಪ್ ಕುಸಿಯಿತೆಂದು ತೂಕ ಇಳಿಸಿರುತ್ತಾರೆ, ಆಮೇಲೆ "ನಿಲ್ಲಿಸಿದ ಕೂಡಲೇ ಎಲ್ಲ ಹೋಯಿತು" ಅನ್ನುತ್ತಾರೆ. ಇದೇ ತಿಂಗಳುಗಳಲ್ಲಿ ರಕ್ತ ಪರೀಕ್ಷೆ ಇದ್ದರೆ ಡಾಕ್ಟರಿಗೆ ಪುಡಿಯ ವಿಷಯ ಮೊದಲೇ ಹೇಳಿ. ಕ್ರಿಯಾಟಿನ್ ಒಡೆದು ಕ್ರಿಯಾಟಿನೈನ್ ಆಗುವುದರಿಂದ ಆ ಅಂಕಿ ಕಿಡ್ನಿಗೆ ಏನೂ ಆಗದೆಯೂ ಸ್ವಲ್ಪ ಏರಿರುತ್ತದೆ. ಅನುಮಾನ ಬಂದರೆ ಕಿಡ್ನಿಯನ್ನು ಬೇರೆ ಬಗೆಯಲ್ಲಿ ಅಳೆಯುವ ಸಿಸ್ಟಾಟಿನ್ ಸಿ ಪರೀಕ್ಷೆ ಮಾಡಿಸಬಹುದೇ ಎಂದು ಅವರನ್ನೇ ಕೇಳಿ.