ಸ್ಟೋರಿ ನೋಡಿದವರ ಪಟ್ಟಿಯಲ್ಲಿ ಮೇಲೆ ಬರುವವರು ಯಾರು?

ಸಾಗರದಲ್ಲಿ ಮನೆಯಿಂದಲೇ ಹಲಸಿನ ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತೇನೆ. ಆರ್ಡರ್ ಬರುವುದು ಬಹುಪಾಲು ಇನ್‌ಸ್ಟಾಗ್ರಾಂ ಸ್ಟೋರಿಯಿಂದ. ಹಾಗಾಗಿ ರಾತ್ರಿ ಊಟ ಮುಗಿದ ಮೇಲೆ ಸ್ಟೋರಿ ತೆರೆದು, ಮೇಲಕ್ಕೆ ಸರಿಸಿ, ಯಾರ‍್ಯಾರು ನೋಡಿದ್ದಾರೆ ಎಂದು ಹೆಸರು ಓದುವುದು ರೂಢಿಯಾಗಿಬಿಟ್ಟಿದೆ. ಈ ಪಟ್ಟಿ ಸ್ಟೋರಿ ಹಾಕಿದವರಿಗೆ ಮಾತ್ರ ಕಾಣುತ್ತದೆ, ನೋಡಿದವರಿಗೆ ಬೇರೆ ಯಾರು ನೋಡಿದ್ದಾರೆ ಅಂತ ಗೊತ್ತಾಗುವುದಿಲ್ಲ.

ಕೆಲವು ತಿಂಗಳು ಆ ಪಟ್ಟಿಯ ತುದಿಯಲ್ಲಿ ಹೆಚ್ಚುಕಡಿಮೆ ದಿನವೂ ನನ್ನ ಓರಗಿತ್ತಿಯ ಹೆಸರು. ಅವಳು ಆರ್ಡರ್ ಕೊಟ್ಟವಳಲ್ಲ, ಹಪ್ಪಳದ ಬಗ್ಗೆ ಒಂದು ಮಾತೂ ಕೇಳಿದವಳಲ್ಲ. "ಚಿಕ್ಕಮ್ಮಾ, ಮೇಲೆ ಬರೋರು ಅಂದ್ರೆ ಪದೇ ಪದೇ ಬಂದು ನೋಡೋರಂತೆ" ಎಂದಳು ಅಕ್ಕನ ಮಗಳು. ನನಗೂ ಹಾಗೇ ಅನ್ನಿಸಿ, ಓರಗಿತ್ತಿಯ ಜೊತೆ ಮಾತು ಸ್ವಲ್ಪ ಬಿಗಿಯಾಯಿತು. ಈಗ ನೆನೆಸಿಕೊಂಡರೆ ಬೇಸರವಾಗುತ್ತದೆ. ಅದಕ್ಕೇ ಪರೀಕ್ಷೆ ಮಾಡಿ ನೋಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಅಕ್ಕನ ಮಗಳ ಫೋನಿನಿಂದ ನನ್ನ ಸ್ಟೋರಿಯನ್ನು ಒಮ್ಮೆ ನೋಡಿದೆವು. ಆಮೇಲೆ ಅವಳು ಏಳೆಂಟು ಸಲ ಮತ್ತೆ ಮತ್ತೆ ತೆರೆದಳು. ನನ್ನ ಪಟ್ಟಿಯಲ್ಲಿ ಅವಳ ಹೆಸರು ಇದ್ದದ್ದು ಒಂದೇ ಸಲ, ಜಾಗವೂ ಬದಲಾಗಲಿಲ್ಲ. ಎಷ್ಟು ಸಲ ನೋಡಿದರು ಎಂಬುದು ಆ ಪಟ್ಟಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ಆಮೇಲೆ ದಿನದಿನದ ಪಟ್ಟಿ ಹೋಲಿಸಿದೆ. ನೋಡಿದವರು ಮೂವತ್ತು ನಲವತ್ತು ಮಂದಿ ಇದ್ದ ದಿನ, ಕೊನೆಗೆ ನೋಡಿದವರು ಮೇಲೆ, ಮೊದಲು ನೋಡಿದವರು ಕೆಳಗೆ. ಐವತ್ತರ ಆಸುಪಾಸು ದಾಟಿದ ದಿನ ಆ ಕ್ರಮ ತಪ್ಪಿ, ಬೆಳಿಗ್ಗೆಯೇ ನೋಡಿದವರೂ ಮೇಲೆ ಕೂತಿರುತ್ತಿದ್ದರು. ಹೃದಯ ಒತ್ತಿದವರು ಸಾಮಾನ್ಯವಾಗಿ ಎಲ್ಲರಿಗಿಂತ ಮುಂದೆ. ಕಂಪನಿ ಈ ಲೆಕ್ಕವನ್ನು ಪೂರ್ತಿ ಬಿಚ್ಚಿ ಹೇಳಿಲ್ಲ. ಆದರೆ ಓರಗಿತ್ತಿಯ ಹೆಸರು ಯಾಕೆ ಮೇಲೆ ಬರುತ್ತಿತ್ತು ಎನ್ನುವುದಕ್ಕೆ ಸುಳಿವು ನನ್ನ ಇನ್‌ಬಾಕ್ಸಿನಲ್ಲೇ ಸಿಕ್ಕಿತು. ರಾತ್ರಿ ಮಲಗುವ ಮುಂಚೆ ಅಡುಗೆಯ ರೀಲ್ಸ್ ಕಳಿಸುತ್ತಿದ್ದವಳು ನಾನೇ. ಅವಳ ಮಕ್ಕಳ ಫೋಟೋ ನೋಡಲು ಅವಳ ಪ್ರೊಫೈಲ್ ತೆರೆಯುತ್ತಿದ್ದವಳೂ ನಾನೇ. ಮೂರು ವಾರ ಎರಡನ್ನೂ ನಿಲ್ಲಿಸಿದೆ. ಅವಳು ಮೊದಲಿನಂತೆ ಸ್ಟೋರಿ ನೋಡುತ್ತಲೇ ಇದ್ದಳು, ಹೆಸರು ಮಾತ್ರ ನಿಧಾನವಾಗಿ ಪಟ್ಟಿಯ ಮಧ್ಯಕ್ಕೆ ಇಳಿಯಿತು. ಅಲ್ಲಿ ಲೆಕ್ಕಕ್ಕೆ ಬಂದಿದ್ದು ನನ್ನ ಓಡಾಟ, ಅವಳದ್ದಲ್ಲ. ಪ್ರೊಫೈಲ್ ಯಾರು ಇಣುಕಿದರು ಎಂದು ತೋರಿಸುತ್ತೇವೆ ಎನ್ನುವ ಹೊರಗಿನ ಆ್ಯಪ್‌ಗಳನ್ನು ನಂಬಬೇಡಿ. ಆ ಮಾಹಿತಿಯನ್ನು ಇನ್‌ಸ್ಟಾಗ್ರಾಂ ಅವರಿಗೆ ಕೊಡುವುದೇ ಇಲ್ಲ, ಅವರಿಗೆ ಬೇಕಿರುವುದು ನಿಮ್ಮ ಪಾಸ್‌ವರ್ಡ್.

ನನಗೆ ವ್ಯಾಪಾರದಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು ಬೇರೆ. ನಾಲ್ಕು ಸ್ಟೋರಿ ಸಾಲಾಗಿ ಹಾಕಿದರೆ ಒಂದೊಂದಕ್ಕೂ ಅದರದ್ದೇ ಪಟ್ಟಿ ಇರುತ್ತದೆ. ಹಲಸಿನಕಾಯಿ ಕೊಯ್ಯುವ ಚಿತ್ರ ಮೊದಲು, ಬೆಲೆ ಕೊನೆಗೆ ಹಾಕುತ್ತಿದ್ದೆ. ಕೊನೆಯದಕ್ಕೆ ಬರುವ ಹೊತ್ತಿಗೆ ಪಟ್ಟಿ ಅರ್ಧಕ್ಕೆ ಇಳಿದಿರುತ್ತಿತ್ತು. ಈಗ ಬೆಲೆಯನ್ನು ಎರಡನೆಯದರಲ್ಲೇ ಬರೆಯುತ್ತೇನೆ. ಸ್ಟೋರಿ ಮರೆಯಾಗುವುದು 24 ಗಂಟೆಗೆ, ಆದರೆ ಹೆಸರುಗಳು ಹಾಕಿದ ಹೊತ್ತಿನಿಂದ 48 ಗಂಟೆಯವರೆಗೆ Archive ಒಳಗೆ ಸಿಗುತ್ತವೆ. ನಾನು ಮರುದಿನ ಸಂಜೆ ಅಲ್ಲಿಂದಲೇ ಬರೆದುಕೊಳ್ಳುತ್ತೇನೆ.

ಲೈಕಿನ ವಿಷಯ ಮಾತ್ರ ಪೂರ್ತಿ ಬೇರೆ. ಅಕ್ಕನ ಮಗಳ ಖಾತೆ ಪ್ರೈವೇಟ್. ಹಾಗಾಗಿ ತಾನು ಮಾಡುವುದೆಲ್ಲ ಒಳಗೇ ಉಳಿಯುತ್ತದೆ ಎಂದುಕೊಂಡಿದ್ದಳು. ಕೆಲಸಕ್ಕೆ ಜನ ಬೇಕು ಎಂಬ ಒಂದು ಸಾರ್ವಜನಿಕ ಪೋಸ್ಟಿಗೆ ಲೈಕ್ ಕೊಟ್ಟಳು. ಮರುವಾರ ಆಫೀಸಿನಲ್ಲಿ ಮೇಲಿನವರು "ಬೇರೆ ಕಡೆ ನೋಡ್ತಾ ಇದ್ದೀರಂತಲ್ಲ?" ಎಂದು ಕೇಳಿದರಂತೆ. ಅವರೂ ಅವಳನ್ನು ಫಾಲೋ ಮಾಡುತ್ತಿದ್ದರು, ಆ ಪೋಸ್ಟಿನ ಕೆಳಗೆ ಅವರಿಗೆ ಮೊದಲು ಕಂಡಿದ್ದು ಅವಳ ಹೆಸರು. ಪ್ರೈವೇಟ್ ಮಾಡಿದರೆ ಮುಚ್ಚಿಕೊಳ್ಳುವುದು ನಮ್ಮ ಪೋಸ್ಟು, ಸ್ಟೋರಿ, ನಮ್ಮ ಫಾಲೋ ಪಟ್ಟಿ. ಬೇರೆಯವರ ಪೋಸ್ಟಿಗೆ ಕೊಟ್ಟ ಲೈಕು ಆ ಪೋಸ್ಟನ್ನು ನೋಡಬಲ್ಲವರಿಗೆಲ್ಲ ಕಾಣುತ್ತದೆ. ಫಾಲೋ ಕೂಡ ಹೀಗೆಯೇ: ಸಾರ್ವಜನಿಕ ಖಾತೆಯೊಂದನ್ನು ಫಾಲೋ ಮಾಡಿದರೆ ಅದರ ಫಾಲೋವರ್ಸ್ ಪಟ್ಟಿಯಲ್ಲಿ ನಮ್ಮ ಹೆಸರು ಬರುತ್ತದೆ. ಲೈಕಿನ ಸಂಖ್ಯೆ ಮರೆಮಾಡುವ ಸೌಲಭ್ಯವಿದೆ, ಅದು ಅಂಕಿಯನ್ನಷ್ಟೇ ಮುಚ್ಚುತ್ತದೆ, ಹೆಸರುಗಳನ್ನಲ್ಲ.

ಅವತ್ತು ರಾತ್ರಿ ಇಬ್ಬರೂ ಕೂತು ಅವಳ ಫೋನಿನಲ್ಲಿ Your activity ತೆರೆದು, Likes ಒಳಗೆ ಹೋದೆವು. ಕೊಟ್ಟ ಲೈಕುಗಳೆಲ್ಲ ಅಲ್ಲಿ ಸಾಲಾಗಿರುತ್ತವೆ, ಒಟ್ಟಿಗೆ ಆರಿಸಿ Unlike ಒತ್ತಬಹುದು. ಕೆಲಸದ ಜಾಹೀರಾತುಗಳನ್ನು ಹುಡುಕಿ ತೆಗೆದೆವು. ಈಗ ಅಂಥ ಪೋಸ್ಟು ಕಂಡರೆ ಅವಳು ಲೈಕ್ ಕೊಡುವ ಬದಲು ಪಕ್ಕದ ಸೇವ್ ಗುರುತು ಒತ್ತುತ್ತಾಳೆ. ಅದು ಅವಳೊಬ್ಬಳಿಗೇ ಕಾಣುತ್ತದೆ.