ವೀಣೆಯ ಮರ ಮತ್ತು ಹವೆ: ಬಿರುಕು ತಡೆಯುವುದು ಹೇಗೆ?

ತಂಜಾವೂರಿನ ವೀಣೆ, ತಂಬೂರಿ ಮಾಡುವವರು ಹಲಸಿನ ಮರವನ್ನು, ಅದರಲ್ಲೂ ಪಣ್ರುಟ್ಟಿ ಕಡೆಯದನ್ನು ಹುಡುಕುತ್ತಾರೆ. ಮೈಸೂರು ವೀಣೆಗೆ ಬೀಟೆ ಹೆಸರುವಾಸಿ. ಹಲಸು ಹಗುರ, ಆದರೂ ಗಟ್ಟಿ. ಕೊಡ ಕೊರೆಯುವಷ್ಟು ದಪ್ಪದ ಬೊಡ್ಡೆ ಸಿಗುತ್ತದೆ, ಗೆದ್ದಲಿಗೂ ಬೇಗ ಬಗ್ಗದು. ಬೀಟೆ ಭಾರ. ಅದು ತಂತಿಯ ಕಂಪನವನ್ನು ಕಡಿಮೆ ನುಂಗುವುದರಿಂದ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಹೊತ್ತುಕೊಂಡು ಓಡಾಡಬೇಕಾದವರಿಗೆ ಹಲಸೇ ವಾಸಿ.

ಯಾವ ಮರವಾದರೂ ಹವೆಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಉದ್ದಕ್ಕೆ ಅದು ಕುಗ್ಗುವುದು ತೀರಾ ಕಡಿಮೆ, ಕುಗ್ಗುವುದೆಲ್ಲ ಅಡ್ಡಕ್ಕೆ. ಮಳೆಗಾಲದ ಮೈಸೂರಿನಲ್ಲಿ ಹವೆಯ ತೇವಾಂಶ ಶೇ 75 ಇದ್ದಾಗ ಮರದೊಳಗೆ ಸುಮಾರು ಶೇ 14 ನೀರಿರುತ್ತದೆ. ಅದೇ ವೀಣೆ ಜನವರಿಯಲ್ಲಿ ಅಮೆರಿಕದ ಹೀಟರ್ ಹಾಕಿದ ಮನೆಗೆ ಹೋಯಿತು ಎನ್ನಿ. ಅಲ್ಲಿ ಹವೆಯ ತೇವಾಂಶ ಶೇ 30. ಮರ ನಿಧಾನವಾಗಿ ಶೇ 6ಕ್ಕೆ ಇಳಿಯುತ್ತದೆ. ಆಗ 35 ಸೆಂ.ಮೀ. ಅಗಲದ ಬೀಟೆಯ ಮೇಲುಹಲಗೆ, ಕೊಯ್ದ ದಿಕ್ಕಿಗೆ ತಕ್ಕಂತೆ ಸುಮಾರು ಎರಡೂವರೆಯಿಂದ ಐದು ಮಿ.ಮೀ. ಕುಗ್ಗಲು ನೋಡುತ್ತದೆ. ಅಂಚು ಕೊಡಕ್ಕೆ ಅಂಟಿಕೊಂಡಿದೆ, ಅಷ್ಟು ಕುಗ್ಗಲು ಅದು ಬಿಡುವುದಿಲ್ಲ. ಕೊನೆಗೆ ಅಂಟು ಬಿಡುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ. ಮರದ ತಿರುಳನ್ನೂ ಸೇರಿಸಿ ಕೊರೆದ ಕೊಡವಾದರೆ ಅಪಾಯ ಇನ್ನೂ ಹೆಚ್ಚು.

ನಾದ ಮೊದಲೇ ಸುಳಿವು ಕೊಡುತ್ತದೆ. ತೇವ ಕುಡಿದ ಮರ ಮಂಕಾಗಿ ನುಡಿಯುತ್ತದೆ, ಮೀಟಿದ ಸ್ವರ ಬೇಗ ಆರುತ್ತದೆ. ಒಣಗಿದರೆ ನಾದ ಚುರುಕಾಗುತ್ತದೆ. ಕೇಳಲು ಹಿತವೆನಿಸಿದರೂ ನಂಬಬೇಡಿ. ಎಲ್ಲೋ ಒಂದು ಸ್ವರದಲ್ಲಿ ಮಾತ್ರ ಜರ್ ಜರ್ ಸದ್ದು ಬಂದರೆ ಕೊಡದ ಸುತ್ತ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಸದ್ದು ಒಡಕಾದ ಕಡೆ ಅಂಟು ಬಿಟ್ಟಿರಬಹುದು. ತಟ್ಟಿದಾಗ ಎಲ್ಲ ಸರಿಯಿದ್ದರೆ ಮೆಟ್ಟಿಲುಗಳ ಮೇಣ ನೋಡಿ, ದಂಡಿ ಬಾಗಿದಾಗಲೂ ಹೀಗೇ ಆಗುತ್ತದೆ.

ಇನ್ನು ಮಾಡಬೇಕಾದ್ದು:

1. ವೀಣೆ ಇಡುವ ಜಾಗದಲ್ಲೇ ತೇವಾಂಶ ಅಳೆಯುವ ಚಿಕ್ಕ ಮೀಟರ್ ಇಡಿ. ಶೇ 45ರಿಂದ 55 ಒಳ್ಳೆಯದು. ಅದಕ್ಕಿಂತಲೂ ಮುಖ್ಯ, ಏರಿಳಿತ ನಿಧಾನವಾಗಿರಬೇಕು.

2. ದೂರದಿಂದ ಬಂದ ವಾದ್ಯದ ಪೆಟ್ಟಿಗೆಯನ್ನು ತಕ್ಷಣ ತೆರೆಯಬೇಡಿ. ಒಂದು ದಿನ ಮುಚ್ಚಿಯೇ ಇಟ್ಟು, ಆಮೇಲೆ ತೆರೆದು ಶ್ರುತಿ ಮಾಡಿ.

3. ಹೀಟರ್, ಎ.ಸಿ. ಗಾಳಿ ನೇರ ಬೀಳದ ಒಳಗೋಡೆಯ ಪಕ್ಕ ಇಡಿ. ಚಳಿಗಾಲದಲ್ಲಿ ಕೋಣೆಗೆ ಹ್ಯೂಮಿಡಿಫೈಯರ್ ಬೇಕು. ಒದ್ದೆ ಬಟ್ಟೆಯನ್ನು ವಾದ್ಯಕ್ಕೆ ತಾಗಿಸಿ ಇಡುವುದು ಬೇಡ, ತಾಗಿದಷ್ಟೇ ಮರ ಉಬ್ಬುತ್ತದೆ.

4. ಬಿರುಕು ಕಂಡರೆ ಮೇಣ ತುಂಬಬೇಡಿ. ತಂತಿಗಳನ್ನು ಸ್ವಲ್ಪ ಸಡಿಲಿಸಿ, ಕೋಣೆಯ ತೇವವನ್ನು ವಾರಗಟ್ಟಲೆ ನಿಧಾನವಾಗಿ ಏರಿಸಿ. ಸಣ್ಣ ಬಿರುಕು ಬಹುಪಾಲು ಕೂಡಿಕೊಳ್ಳುತ್ತದೆ, ಆಗ ಅಂಟಿಸುವುದು ಸುಲಭ. ಕೂಡದೆ ಉಳಿದ ಸಂದಿಗೆ ಅದೇ ಜಾತಿಯ ಮರದ ಚಕ್ಕೆ ಕೂರಿಸಬೇಕಾಗುತ್ತದೆ, ಅದು ವಾದ್ಯ ಮಾಡುವವರ ಕೈಯ ಕೆಲಸ. ಮೊದಲೇ ಮೇಣ ತುಂಬಿದ್ದರೆ ಅಲ್ಲಿ ಅಂಟು ಹಿಡಿಯುವುದೇ ಇಲ್ಲ.